ಐದು ತಾಲ್ಲೂಕು, ಹತ್ತು ಪಂದ್ಯ



ನಮ್ಮ ಚಾಮರಾಜನಗರ ಜಿಲ್ಲೆಗೆ ಈಗ ಐದು ತಾಲ್ಲೂಕು: ಚಾಮರಾಜನಗರ, ಗುಂಡ್ಲುಪೇಟೆ, ಕೊಳ್ಳೇಗಾಲ, ಯಳಂದೂರು, ಹನೂರು. ಒಂದೊಂದು ತಾಲ್ಲೂಕಿನಿಂದ ಒಂದೊಂದು ಕಬಡ್ಡಿ ತಂಡ ಗುಂಡ್ಲುಪೇಟೆಗೆ ಬಂದಿಳಿದಿದೆ ಅಂತ ಇಟ್ಟುಕೊಳ್ಳಿ. ಆಟ ಲೀಗ್ ಪದ್ಧತಿಯದು. ಅಂದರೆ ಪ್ರತಿ ತಂಡವೂ ಉಳಿದ ಎಲ್ಲ ತಂಡಗಳ ಮೇಲೆ ಒಂದೊಂದು ಸಲ ಆಡಲೇಬೇಕು. ಹಾಗಾದರೆ ಒಟ್ಟು ಎಷ್ಟು ಪಂದ್ಯ ಆಗುತ್ತವೆ?

ಅಂಕಣದ ಸುತ್ತ ನಿಂತವರನ್ನು ಕೇಳಿ ನೋಡಿ. "ಐದು ತಂಡ, ಒಂದೊಂದಕ್ಕೂ ನಾಕು ಆಟ. ಐದ್ನಾಕ್ಲ ಇಪ್ಪತ್ತು. ಇದರಲ್ಲೇನೈತೆ?" ಅನ್ನುವವರು ಒಬ್ಬರಾದರೂ ಇರುತ್ತಾರೆ. ಮಗ್ಗಿ ಸರಿ, ಎಣಿಕೆ ತಪ್ಪು. ಗುಂಡ್ಲುಪೇಟೆಯವರ ನಾಲ್ಕು ಆಟ ಎಣಿಸುವಾಗ ಗುಂಡ್ಲುಪೇಟೆ–ಹನೂರು ಪಂದ್ಯ ಒಂದು ಸಲ ಲೆಕ್ಕಕ್ಕೆ ಬಂತು. ಹನೂರಿನವರ ನಾಲ್ಕು ಆಟ ಎಣಿಸುವಾಗ ಅದೇ ಪಂದ್ಯ ಇನ್ನೊಂದು ಸಲ ಬಂತು. ಹೀಗೆ ಪ್ರತಿ ಪಂದ್ಯವೂ ಎರಡೆರಡು ಸಲ ಎಣಿಕೆಯಾಗಿದೆ, ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ. ಆದ್ದರಿಂದ ಇಪ್ಪತ್ತನ್ನು ಅರ್ಧ ಮಾಡಬೇಕು. ಆಗುವುದು 10 ಪಂದ್ಯ.

ಇಂದಿನ ಮಾತಿನ ಸೂತ್ರ ಇದೇ. ಎಷ್ಟು ಮಂದಿ ಇದ್ದಾರೋ ಆ ಸಂಖ್ಯೆಯನ್ನು ಅದಕ್ಕಿಂತ ಒಂದು ಕಮ್ಮಿ ಇರುವ ಸಂಖ್ಯೆಯಿಂದ ಗುಣಿಸಿ, ಬಂದದ್ದನ್ನು ಎರಡರಿಂದ ಭಾಗಿಸಿ. ಬರೆದು ಇಟ್ಟುಕೊಳ್ಳುವವರು n(n-1)/2 ಎಂದು ಬರೆದುಕೊಳ್ಳಬಹುದು. ಪರೀಕ್ಷೆಗೆ ಕೂರುವ ಮಕ್ಕಳಿಗೆ ಇದೇ ಲೆಕ್ಕ ಮೂರು ವೇಷದಲ್ಲಿ ಎದುರಾಗುತ್ತದೆ: ಸಭೆಯಲ್ಲಿ ಎಷ್ಟು ಕೈಕುಲುಕು, ಬಹುಭುಜಾಕೃತಿಗೆ ಎಷ್ಟು ಕರ್ಣ, ಲೀಗಿನಲ್ಲಿ ಎಷ್ಟು ಪಂದ್ಯ. ಮೂರನ್ನೂ ಬೇರೆ ಬೇರೆ ಸೂತ್ರವೆಂದು ಬಾಯಿಪಾಠ ಮಾಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಮೂರೂ ಒಂದೇ ಚಿತ್ರ. ಆ ಚಿತ್ರವನ್ನು ಬರೆದುಬಿಟ್ಟರೆ ಪಂದ್ಯ ಎಷ್ಟು ಎಂಬುದಷ್ಟೇ ಅಲ್ಲ, ಯಾವ ಸುತ್ತಿನಲ್ಲಿ ಯಾರ ಮೇಲೆ ಯಾರು ಎಂಬ ವೇಳಾಪಟ್ಟಿಯೂ ಅದರಿಂದಲೇ ಹೊರಬರುತ್ತದೆ.

ಮೊದಲು ಕೈಕುಲುಕುವ ಲೆಕ್ಕ. ನಮ್ಮ ಜಿಲ್ಲೆಗೆ ನಾಲ್ಕು ವಿಧಾನಸಭಾ ಕ್ಷೇತ್ರ, ಹಾಗಾಗಿ ನಾಲ್ವರು ಶಾಸಕರು. ಅವರು ಒಂದೆಡೆ ಸೇರಿ ಒಬ್ಬರಿಗೊಬ್ಬರು ಕೈ ಕುಲುಕಿದರೆ ನಾಲ್ಕು ಮೂರಲ ಹನ್ನೆರಡು, ಅದರಲ್ಲಿ ಅರ್ಧ, ಆರು ಕೈಕುಲುಕು. ಇದನ್ನೇ ಬೇರೆ ದಾರಿಯಲ್ಲೂ ಎಣಿಸಬಹುದು. ಕೋಣೆಗೆ ಮೊದಲು ಬಂದವರಿಗೆ ಕೈ ಕೊಡಲು ಯಾರೂ ಇಲ್ಲ. ಎರಡನೆಯವರು ಬಂದು ಒಬ್ಬರ ಕೈ ಕುಲುಕುತ್ತಾರೆ, ಮೂರನೆಯವರು ಇಬ್ಬರದು, ನಾಲ್ಕನೆಯವರು ಮೂವರದು. ಒಂದು, ಎರಡು, ಮೂರು ಕೂಡಿದರೆ ಆರು. ಎರಡು ದಾರಿಯಲ್ಲೂ ಉತ್ತರ ಒಂದೇ ಬಂತಲ್ಲ, ಲೆಕ್ಕ ಸರಿಯಿದೆ ಎಂದು ನಂಬಲು ಇದಕ್ಕಿಂತ ಒಳ್ಳೆಯ ಪುರಾವೆ ಬೇಕಿಲ್ಲ.

ಈ ಎರಡನೆಯ ದಾರಿ ಪಂದ್ಯ ನಡೆಸುವವರಿಗೂ ಉಪಯೋಗಕ್ಕೆ ಬರುತ್ತದೆ. 1997ರಲ್ಲಿ ಮೈಸೂರಿನಿಂದ ಬೇರೆಯಾದಾಗ ನಮ್ಮ ಜಿಲ್ಲೆಯಲ್ಲಿ ಇದ್ದದ್ದು ನಾಲ್ಕೇ ತಾಲ್ಲೂಕು. ಹನೂರು ಆಗ ಕೊಳ್ಳೇಗಾಲದ ಭಾಗವಾಗಿತ್ತು. ನಾಲ್ಕು ತಾಲ್ಲೂಕಿನ ಲೀಗಿಗೆ ಆರು ಪಂದ್ಯ ಸಾಕು. ಹನೂರು ಐದನೆಯದಾಗಿ ಸೇರಿದರೆ ಅದು ಹಳೆಯ ನಾಲ್ವರ ಮೇಲೂ ಆಡಬೇಕು. ಆರಕ್ಕೆ ನಾಲ್ಕು ಸೇರಿ ಹತ್ತು. ಇನ್ನೊಂದು ತಂಡ ಬಂದರೆ ಐದು ಹೆಚ್ಚಿ ಹದಿನೈದು. "ಒಂದು ತಂಡ ಸೇರಿಸಿದರೆ ಏನಾಗುತ್ತೆ ಬಿಡಿ, ಒಂದೆರಡು ಆಟ ಹೆಚ್ಚಾದೀತು" ಎಂದು ಧಾರಾಳವಾಗಿ ಒಪ್ಪಿಕೊಳ್ಳುವ ಸಂಘಟಕರು ಇದನ್ನು ಮೊದಲೇ ನೋಡಿಕೊಳ್ಳಬೇಕು. ಹೊಸ ತಂಡ ಒಂದೇ ಆದರೂ ಹಳೆಯ ತಂಡಗಳೆಷ್ಟಿವೆಯೋ ಅಷ್ಟು ಪಂದ್ಯಗಳನ್ನು ಅದು ಬೆನ್ನಿಗೆ ಕಟ್ಟಿಕೊಂಡೇ ಬರುತ್ತದೆ.

ಎಲ್ಲಿ ಅರ್ಧ ಮಾಡಬೇಕು, ಎಲ್ಲಿ ಮಾಡಬಾರದು ಎಂಬಲ್ಲಿ ಬಹಳ ಜನ ಎಡವುತ್ತಾರೆ. ನಾನು ನಿಮ್ಮ ಕೈ ಕುಲುಕಿದರೆ ನೀವೂ ನನ್ನ ಕೈ ಕುಲುಕಿದ ಹಾಗೆಯೇ ಆಯಿತು. ಆದರೆ ಕೈಮುಗಿಯುವುದು ಹಾಗಲ್ಲ. ನಾನು ನಿಮಗೆ ಕೈಮುಗಿದದ್ದು ಒಂದು, ನೀವು ನನಗೆ ಮುಗಿದದ್ದು ಇನ್ನೊಂದು. ನಾಲ್ವರು ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಕೈಮುಗಿದರೆ ಹನ್ನೆರಡೂ ಲೆಕ್ಕಕ್ಕೆ ಉಂಟು. ಇಲ್ಲಿಂದ ಮೈಸೂರಿಗೆ ಹೋಗುವ ಬಸ್ಸನ್ನೇ ನೋಡಿ. ಗುಂಡ್ಲುಪೇಟೆ, ಬೇಗೂರು, ನಂಜನಗೂಡು, ಕಡಕೊಳ, ಮೈಸೂರು ಎಂಬ ಐದು ನಿಲುಗಡೆಗಳನ್ನಷ್ಟೇ ಹಿಡಿಯೋಣ. ಹೋಗುವುದಕ್ಕೂ ಬರುವುದಕ್ಕೂ ದರ ಒಂದೇ ಆದರೆ ದರಪಟ್ಟಿಯಲ್ಲಿ ಹತ್ತು ಮನೆ ಸಾಕು, ಪಟ್ಟಿ ಮೆಟ್ಟಿಲಿನಂತೆ ಮುಕ್ಕೋನವಾಗಿ ಇಳಿಯುತ್ತದೆ. ಆದರೆ ಎಲ್ಲಿಂದ ಎಲ್ಲಿಗೆ ಎಂದು ಊರಿನ ಹೆಸರು ಅಚ್ಚುಹಾಕಿದ ಟಿಕೆಟ್ ಬೇಕೆಂದರೆ ಇಪ್ಪತ್ತು ಬಗೆ ಬೇಕು. ಬೇಗೂರಿನಿಂದ ನಂಜನಗೂಡಿಗೆ ಕೊಟ್ಟ ಟಿಕೆಟ್ಟಿನಲ್ಲಿ ನಂಜನಗೂಡಿನಿಂದ ಬೇಗೂರಿಗೆ ಬರಲು ನಿರ್ವಾಹಕರು ಬಿಡುವುದಿಲ್ಲ. ಹಾಗಾಗಿ ಸೂತ್ರಕ್ಕೆ ಕೈಹಾಕುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಿ: ಜೋಡಿಯನ್ನು ತಿರುಗಿಸಿ ಹೇಳಿದರೆ ಅದೇ ಸಂಗತಿಯೋ, ಬೇರೆಯೋ? ಅದೇ ಆದರೆ ಅರ್ಧ, ಬೇರೆಯಾದರೆ ಪೂರ್ತಿ.

ಜೋಡಿ ಎಣಿಸುವ ಈ ವಿದ್ಯೆ ಕನ್ನಡ ನಾಡಿಗೆ ಹೊಸದೇನಲ್ಲ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಜೈನ ಗಣಿತಜ್ಞ ಮಹಾವೀರಾಚಾರ್ಯ ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದ. ಆ ಗ್ರಂಥದ ಆರಂಭದಲ್ಲೇ ಅಮೋಘವರ್ಷನ ಸ್ತುತಿಯಿದೆ. ಬಗೆಬಗೆಯ ವಸ್ತುಗಳಿಂದ ಇಷ್ಟಿಷ್ಟನ್ನು ಆರಿಸಿ ಕೂಡಿಸಿದರೆ ಎಷ್ಟು ವಿಧ ಆಗುತ್ತದೆ ಎಂಬುದಕ್ಕೆ ಆತ ಒಂದು ಸಾಮಾನ್ಯ ವಿಧಾನ ಕೊಟ್ಟಿದ್ದಾನೆ. ಒಂದರಿಂದ ಏರುತ್ತ ಹೋಗುವ ಅಂಕಿಗಳನ್ನು ಕೆಳಗೆ ಬರೆ, ಮೇಲೆ ಅವೇ ಅಂಕಿಗಳನ್ನು ಕೊನೆಯಿಂದ ಇಳಿಸುತ್ತ ಬರೆ, ಮೇಲಿನವನ್ನು ಗುಣಿಸಿ ಕೆಳಗಿನವುಗಳ ಗುಣಲಬ್ಧದಿಂದ ಭಾಗಿಸು ಎಂಬುದು ಅದರ ತಿರುಳು.

ಉದಾಹರಣೆಗೆ ಆತ ಎತ್ತಿಕೊಂಡದ್ದು ಆರು ರುಚಿಗಳನ್ನು: ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ. ಎರಡೆರಡು ರುಚಿ ಬೆರೆಸಿದರೆ ಎಷ್ಟು ಬಗೆ? ಮೇಲೆ ಆರು, ಐದು. ಕೆಳಗೆ ಒಂದು, ಎರಡು. ಮೂವತ್ತನ್ನು ಎರಡರಿಂದ ಭಾಗಿಸಿದರೆ ಹದಿನೈದು. ನಮ್ಮ ಸೂತ್ರದ ಕೆಳಗಿರುವ 2 ಎಲ್ಲಿಂದ ಬಂತು ಎಂಬುದು ಇಲ್ಲಿ ಕಾಣುತ್ತದೆ. ಹುಳಿಗೆ ಸಿಹಿ ಬೆರೆಸಿದರೂ ಸಿಹಿಗೆ ಹುಳಿ ಬೆರೆಸಿದರೂ ನಾಲಗೆಗೆ ಸಿಗುವುದು ಒಂದೇ. ಮೂರು ಮೂರು ರುಚಿ ಬೆರೆಸುವುದಾದರೆ ಕೆಳಗೆ ಒಂದು, ಎರಡು, ಮೂರು ಬರೆಯಬೇಕು, ಮೇಲೆ ಆರು, ಐದು, ನಾಲ್ಕು. ನೂರಿಪ್ಪತ್ತನ್ನು ಆರರಿಂದ ಭಾಗಿಸಿ 20 ಬಗೆ. ಅಂದರೆ ನಮ್ಮ ಜೋಡಿ ಸೂತ್ರ ಆ ದೊಡ್ಡ ವಿಧಾನದ ಮೊದಲ ಮೆಟ್ಟಿಲು. 1912ರಲ್ಲಿ ಮದ್ರಾಸಿನಲ್ಲಿ ಎಂ. ರಂಗಾಚಾರ್ಯರು ಈ ಗ್ರಂಥವನ್ನು ಇಂಗ್ಲಿಷ್ ಅನುವಾದದೊಂದಿಗೆ ಅಚ್ಚಿಗೆ ತಂದ ಮೇಲೆ ಹೊರಗಿನ ಲೋಕಕ್ಕೂ ಇದರ ಪರಿಚಯವಾಯಿತು.

ಈಗ ಚಿತ್ರ. ಕೈಯಲ್ಲಿ ಸೀಮೆಸುಣ್ಣವೋ ಪೆನ್ಸಿಲೋ ಇದ್ದರೆ ನನ್ನ ಜೊತೆಗೇ ಬರೆಯಿರಿ. ಬಾಹುಗಳೂ ಕೋನಗಳೂ ಸಮವಾಗಿರುವ ಒಂದು ಪಂಚಭುಜ. ತುದಿಯ ಮೂಲೆಗೆ ಚಾಮರಾಜನಗರ ಎಂದು ಹೆಸರಿಡಿ. ಅಲ್ಲಿಂದ ಬಲಕ್ಕೆ ಸುತ್ತುತ್ತ ಗುಂಡ್ಲುಪೇಟೆ, ಕೊಳ್ಳೇಗಾಲ, ಯಳಂದೂರು, ಹನೂರು. ಇದು ಭೂಪಟವಲ್ಲ, ಯಾವ ಊರು ಯಾವ ದಿಕ್ಕಿಗಿದೆ ಎಂದು ತಲೆಕೆಡಿಸಿಕೊಳ್ಳಬೇಡಿ. ಯಾವ ಎರಡು ತಂಡಗಳ ನಡುವೆ ಪಂದ್ಯವಿದೆಯೋ ಅವುಗಳ ನಡುವೆ ಒಂದು ಗೆರೆ ಎಳೆಯಿರಿ. ಎಲ್ಲ ಜೋಡಿಗೂ ಪಂದ್ಯವಿದೆ, ಹಾಗಾಗಿ ಹತ್ತು ಗೆರೆ. ಅದರಲ್ಲಿ ಐದು ಗೆರೆ ಅಂಚಿನಲ್ಲಿ ಆಗಲೇ ಇದ್ದವು, ಅವು ಬಾಹುಗಳು. ಉಳಿದ ಐದು ಒಳಗೆ ನಕ್ಷತ್ರದ ಹಾಗೆ ಹೆಣೆದುಕೊಂಡಿವೆ, ಅವೇ ಕರ್ಣಗಳು.

ಕರ್ಣದ ಸೂತ್ರ ಬೇರೆ ಹುಟ್ಟಬೇಕಾಗಿಲ್ಲ ಎಂದದ್ದು ಇದಕ್ಕೇ. ಎಲ್ಲ ಜೋಡಿಗಳನ್ನು ಎಣಿಸಿ ಬಾಹುಗಳನ್ನು ಕಳೆದರೆ ಮುಗಿಯಿತು. ಆರು ಮೂಲೆಯ ಆಕೃತಿಗೆ ಹದಿನೈದು ಜೋಡಿ, ಆರು ಬಾಹು ಕಳೆದರೆ ಒಂಬತ್ತು ಕರ್ಣ. ಇದನ್ನೇ ಪುಸ್ತಕಗಳಲ್ಲಿ n(n-3)/2 ಎಂದು ಬರೆದಿರುತ್ತಾರೆ. ಆ ಮೂರು ಏನೆಂದರೆ, ಒಂದು ಮೂಲೆಯಿಂದ ಕರ್ಣ ಎಳೆಯುವಾಗ ತನಗೆ ತಾನೇ ಎಳೆಯಲಾಗುವುದಿಲ್ಲ, ಎಡಬಲದ ಇಬ್ಬರು ನೆರೆಯವರಿಗೆ ಎಳೆದರೆ ಅದು ಬಾಹುವೇ ಆಗುತ್ತದೆ. ಮೂವರು ಹೊರಗಾದರು. ಮುಕ್ಕೋನಕ್ಕೆ ಕರ್ಣವೇ ಇಲ್ಲ, ಚೌಕಕ್ಕೆ ಎರಡು, ಐದಕ್ಕೆ ಐದು. ಬಾಹುಗಳೂ ಕರ್ಣಗಳೂ ಸಮಸಮ ಇರುವುದು ಪಂಚಭುಜದಲ್ಲಿ ಮಾತ್ರ. ಮಕ್ಕಳು ಸಾಮಾನ್ಯವಾಗಿ ಮಾಡುವ ತಪ್ಪು ಬಾಹುಗಳನ್ನು ಕಳೆಯಲು ಮರೆಯುವುದು. ಪತ್ತೆಹಚ್ಚುವುದು ಸುಲಭ, ಬರೆದ ಸೂತ್ರಕ್ಕೆ ನಾಲ್ಕು ಹಾಕಿ ನೋಡಿದರೆ ಆಯಿತು. ಚೌಕಕ್ಕೆ ಆರು ಕರ್ಣ ಎಂದು ಉತ್ತರ ಬಂದರೆ ಕಣ್ಣೇ ಅದನ್ನು ಒಪ್ಪುವುದಿಲ್ಲ.

ಈಗ ಚಿತ್ರದಲ್ಲಿರುವ ಸ್ವಾರಸ್ಯಕ್ಕೆ ಬರೋಣ. ತುದಿಯಲ್ಲಿರುವ ಚಾಮರಾಜನಗರದ ಮೂಲೆಯ ಮೇಲೆ ಬೆರಳಿಡಿ. ಅದಕ್ಕೆ ನೇರ ಎದುರಿಗೆ, ಬುಡದಲ್ಲಿ, ಕೊಳ್ಳೇಗಾಲ–ಯಳಂದೂರು ಬಾಹು ಅಡ್ಡಲಾಗಿ ಮಲಗಿದೆ. ಅದಕ್ಕೆ ಸಮಾಂತರವಾಗಿ ಮೇಲೆ ಇನ್ನೊಂದು ಗೆರೆಯಿದೆ, ಗುಂಡ್ಲುಪೇಟೆ–ಹನೂರು ಕರ್ಣ. ಸಮಾಂತರ ಗೆರೆಗಳು ಒಂದನ್ನೊಂದು ಮುಟ್ಟುವುದಿಲ್ಲ, ಹಾಗಾಗಿ ಒಂದೇ ತಂಡ ಎರಡು ಕಡೆ ಆಡಬೇಕಾದ ತಾಪತ್ರಯವಿಲ್ಲ. ಆ ಎರಡು ಗೆರೆಗಳೇ ಮೊದಲನೆಯ ಸುತ್ತಿನ ಎರಡು ಪಂದ್ಯ. ಬೆರಳಿಟ್ಟ ಚಾಮರಾಜನಗರಕ್ಕೆ ಆ ಸುತ್ತು ವಿಶ್ರಾಂತಿ, ಆಟಗಾರರ ಮಾತಲ್ಲಿ ಬೈ.

ಬೆರಳನ್ನು ಗುಂಡ್ಲುಪೇಟೆಗೆ ಸರಿಸಿ. ಎರಡನೆಯ ಸುತ್ತು: ಯಳಂದೂರು–ಹನೂರು, ಕೊಳ್ಳೇಗಾಲ–ಚಾಮರಾಜನಗರ. ಕೊಳ್ಳೇಗಾಲ ವಿಶ್ರಮಿಸುವ ಮೂರನೆಯ ಸುತ್ತಿನಲ್ಲಿ ಹನೂರು–ಚಾಮರಾಜನಗರ, ಗುಂಡ್ಲುಪೇಟೆ–ಯಳಂದೂರು. ನಾಲ್ಕನೆಯದರಲ್ಲಿ ಯಳಂದೂರಿಗೆ ಬಿಡುವು: ಚಾಮರಾಜನಗರ–ಗುಂಡ್ಲುಪೇಟೆ, ಕೊಳ್ಳೇಗಾಲ–ಹನೂರು. ಕೊನೆಯದರಲ್ಲಿ ಹನೂರಿಗೆ ಬಿಡುವು: ಗುಂಡ್ಲುಪೇಟೆ–ಕೊಳ್ಳೇಗಾಲ, ಚಾಮರಾಜನಗರ–ಯಳಂದೂರು. ಐದು ಸುತ್ತು, ಸುತ್ತಿಗೆ ಎರಡು ಪಂದ್ಯ, ಒಟ್ಟು ಹತ್ತು. ಯಾವ ಜೋಡಿಯೂ ಎರಡು ಸಲ ಬಂದಿಲ್ಲ, ಯಾವುದೂ ಬಿಟ್ಟುಹೋಗಿಲ್ಲ. ಪ್ರತಿ ಸುತ್ತಿನಲ್ಲೂ ಒಂದು ಬಾಹು, ಒಂದು ಕರ್ಣ ಖರ್ಚಾಗಿವೆ ನೋಡಿ. ಅಂದಾಜಿನ ಮೇಲೆ ಜೋಡಿ ಹಾಕುತ್ತ ಹೋಗುವವರು ಕೊನೆಯ ಸುತ್ತಿಗೆ ಬಂದಾಗ ಆಗಲೇ ಆಡಿದ ಜೋಡಿಗಳೇ ಉಳಿದು ಪರದಾಡುವುದುಂಟು. ಈ ಚಿತ್ರ ಹಿಡಿದವರಿಗೆ ಆ ಪಾಡಿಲ್ಲ.

ಆರು ತಂಡ ಇದ್ದರೆ? ಆರು ಮೂಲೆ ಬರೆಯಬೇಡಿ. ಅದೇ ಪಂಚಭುಜವನ್ನು ಇಟ್ಟುಕೊಂಡು ಆರನೆಯ ತಂಡವನ್ನು ನಟ್ಟನಡುವೆ ಕೂರಿಸಿ. ಪ್ರತಿ ಸುತ್ತಿನಲ್ಲೂ ಬಿಡುವಿರುವ ಮೂಲೆಯ ತಂಡ ಈ ನಡುವಿನವರ ಮೇಲೆ ಆಡುತ್ತದೆ. ಐದೇ ಸುತ್ತಿನಲ್ಲಿ ಹದಿನೈದು ಪಂದ್ಯ, ಯಾರೂ ಸುಮ್ಮನೆ ಕೂರುವ ಹಾಗಿಲ್ಲ. ಮೈಸೂರು, ಬೆಂಗಳೂರು, ಹುಬ್ಬಳ್ಳಿ, ಕಲಬುರಗಿ, ಮಂಗಳೂರು, ಶಿವಮೊಗ್ಗ ಹೆಸರಿನ ಆರು ತಂಡಗಳೊಂದಿಗೆ 2022ರಲ್ಲಿ ಆರಂಭವಾದ ಮಹಾರಾಜ ಟ್ರೋಫಿ ಕ್ರಿಕೆಟ್ಟಿನಲ್ಲಿ ಪ್ರತಿ ಜೋಡಿ ಎರಡು ಸಲ ಆಡಿತು. ಆದ್ದರಿಂದ ಲೀಗ್ ಹಂತಕ್ಕೆ ಹದಿನೈದರ ಎರಡರಷ್ಟು, 30 ಪಂದ್ಯ. ಆ ಹದಿನೈದು ಮಹಾವೀರಾಚಾರ್ಯನ ರುಚಿಯ ಜೋಡಿಗಳ ಹದಿನೈದೇ.

ಒಟ್ಟು ಜೋಡಿ ಎಷ್ಟು ಎಂಬುದೂ ಸುತ್ತು ಎಷ್ಟು ಎಂಬುದೂ ಬೇರೆ ಬೇರೆ ಪ್ರಶ್ನೆಗಳು. ಇದರ ಅಂತರ ತಿಳಿಯಲು ವಿಧಾನಸಭೆಗೆ ಹೋಗೋಣ. ರಾಜ್ಯದ 224 ಕ್ಷೇತ್ರಗಳಿಂದ ಗೆದ್ದುಬಂದ ಎಲ್ಲರೂ ಪಕ್ಷಭೇದ ಮರೆತು ಒಬ್ಬರಿಗೊಬ್ಬರು ಕೈ ಕುಲುಕುತ್ತಾರೆ ಎಂಬ ಅಪರೂಪದ ಸಂದರ್ಭವನ್ನು ಊಹಿಸಿ. 224ನ್ನು 223ರಿಂದ ಗುಣಿಸಿ ಅರ್ಧ ಮಾಡಿದರೆ 24,976 ಕೈಕುಲುಕು. ಒಂದಕ್ಕೆ ಮೂರು ಸೆಕೆಂಡು ಎಂದು ಒಂದಾದ ಮೇಲೊಂದು ನಡೆಸಿದರೆ ಇಪ್ಪತ್ತು ಗಂಟೆ ದಾಟುತ್ತದೆ. ಆದರೆ ಒಬ್ಬರನ್ನು ನಡುವೆ ನಿಲ್ಲಿಸಿ, ಉಳಿದ 223 ಮಂದಿಯನ್ನು ಸುತ್ತ ನಿಲ್ಲಿಸಿ ನಮ್ಮ ಚಿತ್ರದಂತೆಯೇ ಜೋಡಿ ಮಾಡಿದರೆ ಒಂದೊಂದು ಸುತ್ತಿನಲ್ಲೂ 112 ಕೈಕುಲುಕು ಒಟ್ಟಿಗೇ ನಡೆಯುತ್ತವೆ. 223 ಸುತ್ತು, ಸುತ್ತಿಗೆ ಮೂರು ಸೆಕೆಂಡು, ಹನ್ನೊಂದು ನಿಮಿಷ ಚಿಲ್ಲರೆ. ನಡೆದಾಡುವ ಹೊತ್ತನ್ನು ಇದಕ್ಕೆ ಸೇರಿಸಿಕೊಳ್ಳಬೇಕು, ಮಾತಿಗೆ ನಿಲ್ಲುವ ಹೊತ್ತನ್ನಂತೂ ನಾನು ಲೆಕ್ಕ ಹಾಕಲಾರೆ.

ಈ ಎಣಿಕೆಯಿಂದ ಪಾಯಿಂಟ್ ಪಟ್ಟಿಯ ತಪ್ಪನ್ನೂ ಹಿಡಿಯಬಹುದು. ಪಟ್ಟಿಯಲ್ಲಿ 'ಆಡಿದ್ದು' ಎಂಬ ಸಾಲನ್ನು ಮೇಲಿಂದ ಕೆಳಗೆ ಕೂಡಿ. ಒಂದು ಪಂದ್ಯಕ್ಕೆ ಎರಡು ತಂಡ ಇರುವುದರಿಂದ ಆ ಮೊತ್ತ ಯಾವಾಗಲೂ ಸಮ ಸಂಖ್ಯೆಯೇ ಆಗಬೇಕು, ನಡೆದ ಪಂದ್ಯಗಳ ಎರಡರಷ್ಟು ಇರಬೇಕು. ಬೆಸ ಬಂದರೆ ಎಲ್ಲೋ ಒಂದು ಪಂದ್ಯವನ್ನು ಒಂದು ತಂಡಕ್ಕೆ ಬರೆದು ಇನ್ನೊಂದಕ್ಕೆ ಬರೆಯಲು ಮರೆತಿದ್ದಾರೆ. ಗೆಲುವಿನ ಮೊತ್ತವೂ ಸೋಲಿನ ಮೊತ್ತವೂ ಸಮ ಇರಬೇಕು. ಇದೇ ಕಾರಣಕ್ಕೆ "ಐದು ತಂಡ, ಹೊತ್ತಿಲ್ಲ, ಒಬ್ಬೊಬ್ಬರಿಗೆ ಮೂರು ಮೂರು ಪಂದ್ಯ ಸಾಕು" ಎಂದು ಯಾರಾದರೂ ಸಲಹೆ ಕೊಟ್ಟರೆ ಒಪ್ಪಬೇಡಿ. ಐದು ಮೂರಲ ಹದಿನೈದು, ಅರ್ಧ ಮಾಡಿದರೆ ಏಳೂವರೆ ಪಂದ್ಯ. ಎಷ್ಟೇ ಜಾಣತನದಿಂದ ಪಟ್ಟಿ ಹಾಕಿದರೂ ಅದು ಆಗದ ಕೆಲಸ.

ಪ್ರತಿ ಜೋಡಿಯೂ ಸಮನಾಗಿ ಆಡದೇ ಇದ್ದಾಗ ಸೂತ್ರವನ್ನು ಹಾಗೇ ಹಾಕುವಂತಿಲ್ಲ ಎಂಬುದಕ್ಕೆ ಐಪಿಎಲ್ಲಿನ ಎರಡು ವರ್ಷಗಳನ್ನು ನೋಡಿ. 2011ರಲ್ಲಿ ಹತ್ತು ತಂಡ, ಲೀಗ್ ಹಂತದಲ್ಲಿ 70 ಪಂದ್ಯ. ಮರುವರ್ಷ ಕೊಚ್ಚಿ ತಂಡ ಹೋಗಿ ಒಂಬತ್ತೇ ಉಳಿದವು, ಆದರೆ ಪಂದ್ಯ 72ಕ್ಕೆ ಏರಿತು! ತಂಡ ಕಮ್ಮಿಯಾದರೆ ಪಂದ್ಯ ಹೆಚ್ಚುವುದು ಹೇಗೆ? ಒಂಬತ್ತು ತಂಡದಲ್ಲಿ 36 ಜೋಡಿ, ಎಲ್ಲರೂ ಎರಡೆರಡು ಸಲ ಆಡಿದ್ದರಿಂದ 72. ಹತ್ತು ತಂಡದಲ್ಲಿ 45 ಜೋಡಿ, ಹಾಗೆಯೇ ಆಡಿಸಿದ್ದರೆ 90 ಆಗುತ್ತಿತ್ತು. ಅಷ್ಟು ಬೇಡವೆಂದು ಪ್ರತಿ ತಂಡಕ್ಕೆ ಐವರ ಮೇಲೆ ಎರಡು ಸಲ, ನಾಲ್ವರ ಮೇಲೆ ಒಂದೇ ಸಲ ಎಂದು 14 ಪಂದ್ಯಕ್ಕೆ ಮಿತಿ ಹಾಕಿದ್ದರು. ಹತ್ತನ್ನು ಹದಿನಾಲ್ಕರಿಂದ ಗುಣಿಸಿ ಅರ್ಧ ಮಾಡಿ, 70. ಸೂತ್ರ ಬದಲಾದರೂ ಅರ್ಧ ಮಾಡುವ ಯುಕ್ತಿ ಬದಲಾಗಲಿಲ್ಲ.

ಕೊನೆಗೆ ಊರಿನ ಪಂದ್ಯಾವಳಿಗೆ ಮರಳೋಣ. ಹದಿನಾರು ತಂಡ ಹೆಸರು ಕೊಟ್ಟಿವೆ, ಅಂಕಣ ಒಂದೇ. ಕಬಡ್ಡಿಗೆ ಇಪ್ಪತ್ತು ಇಪ್ಪತ್ತು ನಿಮಿಷದ ಎರಡು ಅವಧಿ, ನಡುವೆ ಐದು ನಿಮಿಷ, ಒಟ್ಟು ಮುಕ್ಕಾಲು ಗಂಟೆ. ಪೂರ್ತಿ ಲೀಗ್ ಆಡಿಸಿದರೆ 120 ಪಂದ್ಯ, 90 ಗಂಟೆ. ಜಾತ್ರೆ ಮುಗಿದರೂ ಆಟ ಮುಗಿಯುವುದಿಲ್ಲ. ನಾಕೌಟ್ ಆದರೆ ಈ ಸೂತ್ರವೇ ಬೇಡ. ಒಂದು ಪಂದ್ಯಕ್ಕೆ ಒಂದು ತಂಡ ಮನೆಗೆ ಹೋಗುತ್ತದೆ, ಹದಿನೈದು ತಂಡ ಮನೆಗೆ ಹೋಗಬೇಕು, ಹಾಗಾಗಿ ಹದಿನೈದೇ ಪಂದ್ಯ. ಆದರೆ ದೂರದಿಂದ ಗಾಡಿ ಮಾಡಿಕೊಂಡು ಬಂದ ಎಂಟು ತಂಡ ಒಂದೇ ಆಟಕ್ಕೆ ವಾಪಸ್ಸಾಗಬೇಕು. ನಡುವಿನ ದಾರಿಯೊಂದಿದೆ. ನಾಲ್ಕು ನಾಲ್ಕು ತಂಡಗಳ ನಾಲ್ಕು ಗುಂಪು ಮಾಡಿದರೆ ಗುಂಪಿಗೆ ಆರರಂತೆ 24 ಪಂದ್ಯ, ಗುಂಪಿನಲ್ಲಿ ಗೆದ್ದ ನಾಲ್ವರಿಗೆ ಎರಡು ಸೆಮಿಫೈನಲ್, ಒಂದು ಫೈನಲ್, ಒಟ್ಟು 27. ಇಪ್ಪತ್ತು ಗಂಟೆಗೆ ಸ್ವಲ್ಪ ಹೆಚ್ಚು. ಎರಡು ದಿನದ ಪಂದ್ಯಾವಳಿಗೆ ಇದೇ ಸರಿಯೆಂದು ನನ್ನ ತೀರ್ಮಾನ. ಸೋತವರಿಗೂ ಮೂರು ಆಟ ಸಿಗುತ್ತದೆ.

ಪಂದ್ಯಾವಳಿ ನಡೆಸುವ ಯುವಕ ಸಂಘದವರಲ್ಲಿ ಒಂದು ಕೋರಿಕೆ. ತಂಡಗಳ ಹೆಸರನ್ನು ಮೂಲೆಗಳಿಗೆ ಚೀಟಿ ಎತ್ತಿ ಹಂಚಿ, ಸುತ್ತಿನ ಪಟ್ಟಿಯನ್ನು ಆಟ ಶುರುವಾಗುವ ಮೊದಲೇ ಗೋಡೆಗೆ ಅಂಟಿಸಿ. ತಂಡಗಳ ಸಂಖ್ಯೆ ಬೆಸವಾಗಿದ್ದರೆ ಯಾವ ಸುತ್ತಿನಲ್ಲಿ ಯಾರಿಗೆ ಬಿಡುವು ಎಂಬುದನ್ನೂ ಅದರಲ್ಲೇ ಬರೆಯಿರಿ.